36ರ ನಾಡಿ

ನಮ್ಮ ದೊಡ್ಡಪ್ಪನದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಎಲ್ಲರ ಮನೆಯಲ್ಲೂ ಇರುವ ಹಾಗೆ ಅವರಿಗೂ ಒಂದಿಷ್ಟು ಹೊಗೆಸೊಪ್ಪು, ಮನೆ ಪಕ್ಕದಲ್ಲೇ ಸೊಪ್ಪು ಬೇಯಿಸುವ ಒಂದು ಬ್ಯಾರನ್ನು. 2006ರಲ್ಲಿ ಅವರಿಗೆ 64 ವರ್ಷ. ಆ ವರ್ಷ ಬ್ಯಾರನ್ನಿನ ಮುಂದೆ ಸೌದೆ ತುಂಬುತ್ತಿದ್ದವರು ಇದ್ದಕ್ಕಿದ್ದಂತೆ ಬಿದ್ದುಬಿಟ್ಟರು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತಂತೆ. ಕೈಕಾಲು ಒಂದೆರಡು ಸಲ ಅದುರಿತಂತೆ. ಯಾರೋ ಓಡಿ ಬಂದು ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಅಷ್ಟರಲ್ಲಿ ಎದ್ದು ಕೂತು "ಯಾಕ್ರಲಾ ಹಿಂಗೆ ಸುತ್ಕೊಂಡಿದೀರಿ?" ಅಂದರಂತೆ! ಬೀಗದ ಕೈ ಕೆಲಸ ಮಾಡಿತು ಅಂತ ಊರಿಗೆಲ್ಲ ಖುಷಿ...

ಆಮೇಲೆ ಎರಡು ವರ್ಷ ಅವರು ನುಂಗಿದ್ದು ಫಿಟ್ಸ್ ಮಾತ್ರೆ. ಮಾತ್ರೆ ತಪ್ಪಲಿಲ್ಲ, ಬೀಳುವುದೂ ತಪ್ಪಲಿಲ್ಲ. 2008ರ ಆಗಸ್ಟಿನಲ್ಲಿ ಮೂರನೇ ಸಲ ಬಿದ್ದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ವಯಸ್ಸಾದ ಡಾಕ್ಟರು ಮೊದಲು ಯಾವ ಮಿಷನ್ನೂ ಹಚ್ಚಲಿಲ್ಲ. ಕೈ ಹಿಡಿದು, ಗಡಿಯಾರ ನೋಡುತ್ತಾ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ಆಮೇಲೆ ಕುತ್ತಿಗೆಯ ನರವನ್ನೇ ಸ್ವಲ್ಪ ಹೊತ್ತು ನೋಡಿದರು. "ನಾಡಿ 36 ಇದೆ. ಇದು ಫಿಟ್ಸ್ ಅಲ್ಲ, ಹಾರ್ಟ್ ಬ್ಲಾಕ್" ಅಂದರು. ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ನಾವು ಬ್ಲಾಕ್ ಅಂತಲೇ ಹೇಳುತ್ತೇವಲ್ಲ, ಅದಲ್ಲ ಇದು. ಇಲ್ಲಿ ಕಟ್ಟಿಕೊಂಡಿದ್ದು ರಕ್ತವಲ್ಲ, ಕರೆಂಟು.

ದೊಡ್ಡಪ್ಪನ ವಿಷಯದಲ್ಲಿ ಎರಡು ವರ್ಷ ನಡೆದ ಈ ತಪ್ಪನ್ನು ವೈದ್ಯಲೋಕ ನೂರಾರು ವರ್ಷ ಮಾಡಿದೆ ಅಂತ ನನಗೆ ಆಮೇಲೆ ಓದಿದಾಗ ಗೊತ್ತಾಯಿತು. ಬಿದ್ದವರನ್ನೆಲ್ಲ ಮೂರ್ಛೆರೋಗ ಅಥವಾ ಮಿದುಳಿನ ಆಘಾತ ಎನ್ನುವುದೇ ರೂಢಿ. 1827ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ರಾಬರ್ಟ್ ಆಡಮ್ಸ್ ಎಂಬ ವೈದ್ಯ ಒಬ್ಬ ರೋಗಿಯ ಬಗ್ಗೆ ಬರೆದ. ಕಂದಾಯ ಇಲಾಖೆಯ ಅಧಿಕಾರಿ, ವಯಸ್ಸು 68, ಮತ್ತೆ ಮತ್ತೆ ಬೀಳುತ್ತಿದ್ದ, ನಾಡಿ ಸುಮಾರು 30. ಅಷ್ಟು ಸಲ ಬಿದ್ದರೂ ಒಂದು ಸಲವೂ ಲಕ್ವ ಹೊಡೆದಿರಲಿಲ್ಲ. ಹಾಗಾದರೆ ತೊಂದರೆ ಶುರುವಾಗುವುದು ಮಿದುಳಿನಲ್ಲಲ್ಲ, ಹೃದಯದಲ್ಲಿ ಅಂತ ಆಡಮ್ಸ್ ಅನುಮಾನಿಸಿದ. 1846ರಲ್ಲಿ ಅದೇ ಊರಿನ ವಿಲಿಯಂ ಸ್ಟೋಕ್ಸ್ ಇನ್ನೊಂದು ಸಂಗತಿ ಗಮನಿಸಿದ. ಇಂಥ ರೋಗಿಯ ಕುತ್ತಿಗೆಯ ನರ ಮಿಡಿಯುವುದು ಕೈ ನಾಡಿಯ ಎರಡರಷ್ಟಕ್ಕೂ ಹೆಚ್ಚು! ನಮ್ಮ ಡಾಕ್ಟರು ದೊಡ್ಡಪ್ಪನ ಕುತ್ತಿಗೆ ನೋಡಿದ್ದು ಇದಕ್ಕೇ. ಈ ಬೀಳುವಿಕೆಗೆ ಇವತ್ತಿಗೂ ಸ್ಟೋಕ್ಸ್-ಆಡಮ್ಸ್ ಅಂತಲೇ ಹೆಸರು.

ಕುತ್ತಿಗೆಗೊಂದು ಲೆಕ್ಕ, ಕೈಗೊಂದು ಲೆಕ್ಕ ಯಾಕೆ? ಹೃದಯದ ಮೇಲಿನ ಕೋಣೆಯಲ್ಲಿ ಒಂದು ಸಣ್ಣ ಗಂಟು ಇದೆ. ತಾಳ ಹಾಕುವುದು ಅದೇ, ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100. ಆ ವಿದ್ಯುತ್ ಸಂದೇಶ ಕೆಳಗಿನ ಕೋಣೆಗೆ ಇಳಿಯಲು ಇರುವುದು ಒಂದೇ ದಾರಿ. ನಡುವೆ ಇನ್ನೊಂದು ಗಂಟು, ಅಲ್ಲಿಂದ ಕೆಳಕ್ಕೆ ತೆಳ್ಳನೆಯ ಒಂದು ಎಳೆ. ನಡುಗಂಟಿನಲ್ಲಿ ಸಂದೇಶ ಸ್ವಲ್ಪ ತಡೆದು ಹೋಗುತ್ತದೆ, ಮೇಲಿನ ಕೋಣೆ ರಕ್ತ ಸುರಿದು ಮುಗಿಸಲಿ ಅಂತ. ಕೇಂಬ್ರಿಜ್‌ನ ಗ್ಯಾಸ್ಕೆಲ್ 1880ರ ದಶಕದಲ್ಲಿ ಆಮೆಯ ಹೃದಯದ ಎರಡು ಕೋಣೆಗಳ ನಡುವೆ ಇಕ್ಕಳ ಹಾಕಿ ಮೆಲ್ಲಗೆ ಬಿಗಿಸುತ್ತಾ ನೋಡಿದ. ಮೊದಲು ಕೆಳಗಿನ ಕೋಣೆ ಎರಡಕ್ಕೊಂದು ಸಲ ಮಿಡಿಯಿತು, ಇನ್ನೂ ಬಿಗಿಸಿದಾಗ ಮೇಲಿನ ಕೋಣೆಯ ಸಂಬಂಧವನ್ನೇ ಕಡಿದುಕೊಂಡು ತನ್ನಷ್ಟಕ್ಕೆ ನಿಧಾನವಾಗಿ ಮಿಡಿಯಿತು. ಬ್ಲಾಕ್ ಎಂಬ ಮಾತು ಬಂದಿದ್ದು ಅವನಿಂದ. 1906ರಲ್ಲಿ ಜಪಾನಿನ ಸುನಾವೊ ತವಾರ ಜರ್ಮನಿಯಲ್ಲಿ ಕೂತು ಆ ನಡುಗಂಟನ್ನು ಹುಡುಕಿ ತೋರಿಸಿದ.

ದೊಡ್ಡಪ್ಪನ ಇಸಿಜಿಯಲ್ಲಿ ಇದ್ದಿದ್ದೂ ಆಮೆಯ ಕಥೆಯೇ. ಮೇಲಿನ ಕೋಣೆಯ ಸಣ್ಣ ಉಬ್ಬುಗಳು ನಿಮಿಷಕ್ಕೆ 84, ಕೆಳಗಿನ ಕೋಣೆಯ ದೊಡ್ಡ ಮೊನೆಗಳು 36. ಒಂದಕ್ಕೊಂದು ತಾಳಮೇಳವೇ ಇಲ್ಲ. ವಯಸ್ಸಾದ ಹಾಗೆ ಆ ಎಳೆ ಗಡುಸಾಗಿ ದಾರಿ ಪೂರ್ತಿ ಮುಚ್ಚಿತ್ತು. ಮೇಲಿನಿಂದ ಏನೂ ಬರದಿದ್ದಾಗ ಕೆಳಗಿನ ಕೋಣೆ ತಾನೇ ನಿಮಿಷಕ್ಕೆ 20ರಿಂದ 40 ಸಲ ಮಿಡಿದು ಜೀವ ಉಳಿಸುತ್ತದೆ. ಆದರೆ ಇದು ನಂಬಿಕೆಯ ಆಳಲ್ಲ! ಒಮ್ಮೊಮ್ಮೆ ಸುಮ್ಮನಾಗಿಬಿಡುತ್ತದೆ. ಹತ್ತು ಸೆಕೆಂಡು ಸುಮ್ಮನಾದರೆ ಮಿದುಳಿಗೆ ರಕ್ತ ಸಾಲದೆ ಮನುಷ್ಯ ಬೀಳುತ್ತಾನೆ, ಕೈಕಾಲು ಅದುರುತ್ತದೆ. ಮತ್ತೆ ಮಿಡಿದ ತಕ್ಷಣ ಎಚ್ಚರ. ಬೀಗದ ಕೈಯ ಪವಾಡ ಇಷ್ಟೇ. ಫಿಟ್ಸ್ ಆದವರಿಗೆ ಸಾಮಾನ್ಯವಾಗಿ ಎಚ್ಚರವಾದ ಮೇಲೂ ಸುಮಾರು ಹೊತ್ತು ಮಂಕು ಇರುತ್ತದೆ. ದೊಡ್ಡಪ್ಪ ಎದ್ದ ಕೂಡಲೇ ಬೈಯಲು ಶುರು ಮಾಡುತ್ತಿದ್ದರು. ಸುಳಿವು ಅಲ್ಲೇ ಇತ್ತು, ನಮಗೆ ಕಾಣಲಿಲ್ಲ.

ಡಾಕ್ಟರು ಮೊದಲು ಅವರು ತಿನ್ನುವ ಮಾತ್ರೆಗಳ ಚೀಟಿ ಕೇಳಿದರು. ಬಿಪಿಯ ಕೆಲವು ಮಾತ್ರೆ, ರಕ್ತದಲ್ಲಿ ಏರಿದ ಪೊಟ್ಯಾಸಿಯಂ, ಹೃದಯಾಘಾತ, ಇವುಗಳಿಂದಲೂ ಬ್ಲಾಕ್ ಆಗುತ್ತದೆ. ಕಾರಣ ಸರಿಹೋದರೆ ಅಂಥ ಬ್ಲಾಕ್ ಎಷ್ಟೋ ಸಲ ತಾನೇ ಹೋಗುತ್ತದೆ. ಇವರಿಗೆ ಅದ್ಯಾವುದೂ ಇರಲಿಲ್ಲ. ಪೇಸ್‌ಮೇಕರ್ ಬಿಟ್ಟು ಬೇರೆ ದಾರಿ ಇಲ್ಲ ಅಂದರು.

ಈ ಪೇಸ್‌ಮೇಕರ್ ಹುಟ್ಟಿದ್ದರ ಹಿಂದೆ ನಮ್ಮ ಹಳ್ಳಿಯವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಸಂಗತಿ ಇದೆ... ಕರೆಂಟ್ ಹೋಗಿದ್ದು! 1950ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲ್ಲೆಹೈ ಮಕ್ಕಳ ಹೃದಯದ ತೂತು ಮುಚ್ಚುವ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಹೊಲಿಗೆ ಹಾಕುವಾಗ ಆ ಎಳೆಗೆ ಪೆಟ್ಟಾಗಿ ಕೆಲವು ಮಕ್ಕಳಿಗೆ ಬ್ಲಾಕ್ ಆಗುತ್ತಿತ್ತು. ಆಗ ಹೃದಯಕ್ಕೊಂದು ತಂತಿ ಸಿಕ್ಕಿಸಿ, ಗೋಡೆಯ ಪ್ಲಗ್ಗಿನಿಂದ ನಡೆಯುವ ದೊಡ್ಡ ಪೆಟ್ಟಿಗೆಯಿಂದ ತಾಳ ಕೊಡುತ್ತಿದ್ದರು. 1957ರ ಅಕ್ಟೋಬರ್ 31ರಂದು ಊರಿಗೆ ಊರೇ ಕತ್ತಲಾಯಿತು. ಲಿಲ್ಲೆಹೈ ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕೆನ್‌ಗೆ ಬ್ಯಾಟರಿಯ ಪೆಟ್ಟಿಗೆ ಮಾಡಿಕೊಡಲು ಹೇಳಿದರು. ಬ್ಯಾಕೆನ್, ಸಂಗೀತಗಾರರ ಮೆಟ್ರೊನೋಮ್‌ಗಾಗಿ ಒಂದು ಪತ್ರಿಕೆಯಲ್ಲಿ ಬಂದಿದ್ದ ಸರ್ಕ್ಯೂಟನ್ನು ಬದಲಾಯಿಸಿಕೊಂಡು, ನಾಲ್ಕು ವಾರದಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದನ್ನು ಮಾಡಿದ.

ಮೈಯೊಳಗೆ ಇಟ್ಟಿದ್ದು ಮರುವರ್ಷ, ಸ್ವೀಡನ್ನಿನಲ್ಲಿ. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಹತ್ತಾರು ಸಲ ಎಚ್ಚರ ತಪ್ಪುತ್ತಿದ್ದ. ಅವನ ಹೆಂಡತಿ ಎಲ್ಸ್-ಮರೀ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇಬ್ಬರನ್ನೂ ಬಿಡದೆ ಕಾಡಿದಳು. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಷ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಅದರಲ್ಲಿ ಸರ್ಕ್ಯೂಟ್ ಇಟ್ಟು ರಾಳ ಎರೆದ. 1958ರ ಅಕ್ಟೋಬರ್ 8ರಂದು ಅದನ್ನು ಹೊಟ್ಟೆಯೊಳಗೆ ಇಟ್ಟರು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು! ಇನ್ನೊಂದನ್ನು ಹಾಕಿದರು. ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು 2001ರವರೆಗೆ, 86 ವರ್ಷ ಬದುಕಿದ.

ಆದರೆ ಆ ಕಾಲದ ಪೆಟ್ಟಿಗೆಗಳು ಕಿವುಡು. ಹೃದಯ ತಾನೇ ಮಿಡಿದರೂ ಇವು ತಮ್ಮ ಪಾಡಿಗೆ ಹೊಡೆಯುತ್ತಲೇ ಇರುತ್ತಿದ್ದವು. ಒಂದು ಮಿಡಿತ ಮುಗಿದು ಹೃದಯ ಚೇತರಿಸಿಕೊಳ್ಳುತ್ತಿರುವ ಗಳಿಗೆಯಲ್ಲಿ ಹೊಡೆತ ಬಿದ್ದರೆ ಹೃದಯ ಬರೀ ನಡುಗುವ ಸ್ಥಿತಿಗೆ ಹೋಗುವ ಅಪಾಯ. 1960ರ ದಶಕದಲ್ಲಿ ಬರೂ ಬರ್ಕೊವಿಟ್ಸ್ ಇದಕ್ಕೆ ಕಿವಿ ಕೊಟ್ಟ. ಮೊದಲು ಕೇಳು, ಮಿಡಿತ ಬಂದರೆ ಸುಮ್ಮನಿರು, ಬರದಿದ್ದರೆ ಮಾತ್ರ ಹೊಡೆ. ನನ್ನ ಪ್ರಕಾರ ಪೇಸ್‌ಮೇಕರ್‌ನ ನಿಜವಾದ ಜಾಣತನ ಇರುವುದು ಹೊಡೆಯುವುದರಲ್ಲಲ್ಲ, ಈ ಕೇಳಿಸಿಕೊಳ್ಳುವುದರಲ್ಲಿ.

ದೊಡ್ಡಪ್ಪನಿಗೆ ಹಾಕಿದ್ದು ಒಂದೇ ವೈರಿನದು. ಎಡ ಭುಜದ ಮೂಳೆಯ ಕೆಳಗೆ ಚರ್ಮದಡಿ ಪೆಟ್ಟಿಗೆ, ಅಲ್ಲಿಂದ ರಕ್ತನಾಳದೊಳಗೆ ಇಳಿದ ವೈರಿನ ತುದಿ ಹೃದಯದ ಬಲಗಡೆಯ ಕೆಳಕೋಣೆಯಲ್ಲಿ. ಕೇಳುವುದೂ ಹೊಡೆಯುವುದೂ ಅದೇ ವೈರಿನಿಂದ. ಅದನ್ನು ನಿಮಿಷಕ್ಕೆ 60ಕ್ಕೆ ಇಟ್ಟಿದ್ದರು, ಅಂದರೆ ಒಂದು ಸೆಕೆಂಡಿನ ಕಾಯುವಿಕೆ. ಅವರ ಸ್ವಂತ ಮಿಡಿತ 36, ಅದು ಬರಲು 1.6 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಪೆಟ್ಟಿಗೆ ಹೊಡೆದಿರುತ್ತದೆ. ಒಮ್ಮೊಮ್ಮೆ 0.6 ಸೆಕೆಂಡಿಗೇ ಹೃದಯ ಒಂದು ಮಿಡಿತ ತಾನೇ ಹಾಕಿತು ಅಂದುಕೊಳ್ಳಿ. ಪೆಟ್ಟಿಗೆ ಅದನ್ನು ಕೇಳಿ, ಹೊಡೆಯುವುದನ್ನು ಬಿಟ್ಟು, ಅಲ್ಲಿಂದ ಹೊಸದಾಗಿ ಒಂದು ಸೆಕೆಂಡು ಎಣಿಸುತ್ತದೆ. ಹೊಡೆತ ಬಹಳ ಸಣ್ಣದು. ಅವರ ಹೃದಯ ಮಿಡಿಯಲು 0.75 ವೋಲ್ಟ್ ಸಾಕಾಗಿತ್ತು. ಹೆಚ್ಚುಕಮ್ಮಿಯಾದರೂ ತಪ್ಪದಿರಲಿ ಅಂತ 2.5 ವೋಲ್ಟ್ ಇಟ್ಟಿದ್ದರು, ಅದೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ ಹೊತ್ತು. ಎರಡು ವೈರಿನದಾದರೆ ಮೇಲಿನ ಕೋಣೆಯನ್ನೂ ಕೇಳುತ್ತದೆ. ಮೇಲೆ ಮಿಡಿತ ಬಂದ ಮೇಲೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಕಾದು ಕೆಳಗೆ ಹೊಡೆಯುತ್ತದೆ. ಕೆಟ್ಟುಹೋದ ದಾರಿಯ ಕೆಲಸವನ್ನು ತಾನೇ ಮಾಡಿದ ಹಾಗೆ. ಆಗ ನಡೆದಾಗ, ಹತ್ತಿದಾಗ ನಾಡಿಯೂ ಏರುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ... ಹೊರಡುವಾಗ ಒಂದೂವರೆ ತಿಂಗಳು ಎಡಗೈ ಭುಜದ ಮೇಲಕ್ಕೆ ಎತ್ತಬೇಡಿ ಅಂತ ಹೇಳಿ ಕಳಿಸಿದ್ದರು. ಬೇಸಾಯಗಾರ ಕೇಳುತ್ತಾನೆಯೇ? ಮೂರನೇ ವಾರ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಏರಿಸಲು ಹೋದರು. ಆ ಸಂಜೆ ತಲೆ ಸುತ್ತು. ದೊಡ್ಡಮ್ಮ ಅಷ್ಟು ಹೊತ್ತಿಗೆ ನಾಡಿ ಎಣಿಸುವುದು ಕಲಿತಿದ್ದರು. "ಮೂವತ್ತೆಂಟೇ ಬತ್ತಾ ಅದೆ ಕಣಪ್ಪ, ಅರವತ್ತು ಇರ್ಬೇಕಲ್ವಾ?" ಅಂತ ನನಗೆ ಫೋನು. ಇಸಿಜಿಯಲ್ಲಿ ಪೆಟ್ಟಿಗೆಯ ಹೊಡೆತದ ಗೀಟು ಸೆಕೆಂಡಿಗೊಂದರಂತೆ ಕಾಣುತ್ತಿತ್ತು, ಆದರೆ ಅದರ ಹಿಂದೆ ಮಿಡಿತವೇ ಇಲ್ಲ. ವೈರಿನ ತುದಿ ಜಾರಿತ್ತು. ಮತ್ತೆ ಕೂರಿಸಿದರು, ಸರಿಹೋಯಿತು. ಇದರ ಉಲ್ಟಾ ತೊಂದರೆಯೂ ಉಂಟು. ವೈರು ಒಳಗೆ ಮುರಿದರೆ ಬರುವ ಗುರುಗುರು ಸದ್ದನ್ನೇ ಪೆಟ್ಟಿಗೆ ಮಿಡಿತ ಅಂದುಕೊಂಡು ಸುಮ್ಮನಿದ್ದುಬಿಡುತ್ತದೆ. ಆಗ ಗೀಟೂ ಇರುವುದಿಲ್ಲ. ಎರಡರಲ್ಲೂ ಮನೆಯವರಿಗೆ ಕಾಣುವ ಗುರುತು ಒಂದೇ. ನಾಡಿ ಇಟ್ಟ ಸಂಖ್ಯೆಗಿಂತ ಕೆಳಗಿಳಿದಿರುತ್ತದೆ.

2018ರಲ್ಲಿ ಬ್ಯಾಟರಿ ಇಳಿಯಿತು ಅಂತ ಪೆಟ್ಟಿಗೆ ಮಾತ್ರ ಬದಲಾಯಿಸಿದರು, ವೈರು ಹಳೆಯದೇ. ಈಗ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೇ ಜಯದೇವ ಇದೆ, ಕೆ.ಆರ್. ನಗರದವರಾಗಲಿ ಕೋಟೆಯವರಾಗಲಿ ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಆದರೆ ಅಲ್ಲಿಗೆ ಹೋಗಬೇಕು ಅಂತ ಮೊದಲು ಯಾರಿಗಾದರೂ ಅನ್ನಿಸಬೇಕಲ್ಲ? ನಿಮ್ಮೂರಲ್ಲೂ ಹೀಗೆ ಬಿದ್ದು, ತಕ್ಷಣ ಎದ್ದು, ಫಿಟ್ಸ್ ಮಾತ್ರೆ ನುಂಗುತ್ತಿರುವ ವಯಸ್ಸಾದವರು ಇರಬಹುದು. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮುಂದಿನ ಸಲ ಊರಿಗೆ ಹೋದಾಗ ಅವರ ಕೈ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸಿ. ನಲವತ್ತರ ಆಸುಪಾಸು ಬಂದರೆ ಅವತ್ತೇ ಇಸಿಜಿ ಮಾಡಿಸಿ. ನಾಡಿ ಸರಿಯಾಗೇ ಬಂದರೂ ಒಂದು ಇಸಿಜಿ ಆಗಲಿ, ಕೆಲವರಿಗೆ ಈ ಬ್ಲಾಕ್ ಬಂದು ಬಂದು ಹೋಗುತ್ತದೆ.

ದೊಡ್ಡಪ್ಪನಿಗೆ ಈಗ 84. ಬ್ಯಾರನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಹೋದಾಗಲೆಲ್ಲ ಕೈ ಚಾಚುತ್ತಾರೆ, "ಎಣ್ಸ್ಲಾ ಮಗ, ಅರವತ್ತು ಅದಾ ನೋಡು" ಅಂತ.