ಪ್ರಾಥಮಿಕ ಆಂತರಿಕ ತನಿಖೆ: ವ್ಯಾಪ್ತಿಯ ನಿಗದಿ ಮತ್ತು ಸಾಕ್ಷ್ಯ ರಕ್ಷಣೆ

ಸಂಸ್ಥೆಯೊಳಗಿನ ಅಕ್ರಮದ ಬಗ್ಗೆ ನೌಕರರೋ ವ್ಯವಹಾರಸ್ಥರೋ ದೂರು ಕೊಟ್ಟಾಗ, ಪೂರ್ಣ ತನಿಖೆ ನಡೆಸುವಷ್ಟು ಹುರುಳು ಅದರಲ್ಲಿದೆಯೇ ಎಂದು ತಿಳಿಯಲು ಸಂಸ್ಥೆಯೇ ಮಾಡುವ ಅಲ್ಪಾವಧಿಯ ಪರಿಶೀಲನೆಯನ್ನು ಪ್ರಾಥಮಿಕ ಆಂತರಿಕ ತನಿಖೆ ಎನ್ನುತ್ತಾರೆ. ತಪ್ಪಿತಸ್ಥ ಯಾರೆಂದು ತೀರ್ಮಾನಿಸುವುದು ಇದರ ಕೆಲಸವಲ್ಲ. ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂದು ಗೆರೆ ಎಳೆಯುವುದು ಒಂದು ಕೆಲಸ. ನೋಡುವ ಹೊತ್ತಿಗೆ ನೋಡಬೇಕಾದದ್ದು ಅಳಿಸಿಹೋಗದಂತೆ ಕಾಯುವುದು ಇನ್ನೊಂದು. ಎರಡನೆಯದು ಮೊದಲು ನಡೆಯಬೇಕು.

ಭಾರತದಲ್ಲಿ ಇದಕ್ಕೆ ಕಾನೂನಿನ ಆಧಾರ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಪಡೆದವು ದೂರು ಸ್ವೀಕರಿಸುವ ವ್ಯವಸ್ಥೆಯೊಂದನ್ನು ಇಟ್ಟುಕೊಳ್ಳಬೇಕು. ದೂರುದಾರರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು. ಅಗತ್ಯ ಬಿದ್ದಾಗ ಅವರು ನೇರವಾಗಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನೇ ತಲುಪುವಂತಿರಬೇಕು. ತನಿಖೆಯನ್ನು ಹೇಗೆ ನಡೆಸಬೇಕೆಂಬ ವಿಧಾನವನ್ನು ಮಾತ್ರ ಕಾಯ್ದೆ ಹೇಳುವುದಿಲ್ಲ. ಅದು ರೂಢಿಯಿಂದ ಬೆಳೆದದ್ದು.

ಈ ರೂಢಿ ಸಾರ್ವಜನಿಕರ ಕಣ್ಣಿಗೆ ಬಿದ್ದ ದೊಡ್ಡ ಪ್ರಸಂಗ ಬೆಂಗಳೂರಿನ ಇನ್ಫೊಸಿಸ್‌ನದು. 2019ರ ಸೆಪ್ಟೆಂಬರ್ ಕೊನೆಯಲ್ಲಿ ಅನಾಮಧೇಯ ದೂರುಗಳು ನಿರ್ದೇಶಕರೊಬ್ಬರ ಕೈಸೇರಿದವು. ಅಕ್ಟೋಬರ್ 10ರಂದು ಅವು ಲೆಕ್ಕಪರಿಶೋಧನಾ ಸಮಿತಿಯ ಮುಂದೆ ಬಂದವು. ಮೇಲುನೋಟದ ತನಿಖೆಯ ವ್ಯಾಪ್ತಿ ಏನಿರಬೇಕೆಂದು ಸಮಿತಿ ಆಂತರಿಕ ಲೆಕ್ಕಪರಿಶೋಧಕರ ಜೊತೆ ಚರ್ಚಿಸಿ, ಅಕ್ಟೋಬರ್ 21ರಂದು ಹೊರಗಿನ ಕಾನೂನು ಸಂಸ್ಥೆಯೊಂದಕ್ಕೆ ಸ್ವತಂತ್ರ ತನಿಖೆ ಒಪ್ಪಿಸಿತು. ಆರೋಪ ಮುಖ್ಯ ಕಾರ್ಯನಿರ್ವಾಹಕರ ಮೇಲೂ ಇದ್ದುದರಿಂದ ಅವರನ್ನು ಮತ್ತು ಹಣಕಾಸು ಮುಖ್ಯಸ್ಥರನ್ನು ಈ ವಿಷಯದಿಂದ ದೂರ ಇರಿಸಲಾಯಿತು. ಇಮೇಲ್ ಮತ್ತು ಧ್ವನಿಮುದ್ರಣಗಳು ತಮ್ಮಲ್ಲಿವೆ ಎಂದು ದೂರು ಹೇಳಿತ್ತಾದರೂ ಅವು ತಮಗೆ ತಲುಪಿಲ್ಲವೆಂದು ಕಂಪನಿ ತಿಳಿಸಿತು. 46 ಜನರ ದತ್ತಾಂಶ ಸಂಗ್ರಹಿಸಿ, 2,10,000ಕ್ಕೂ ಹೆಚ್ಚು ದಾಖಲೆಗಳನ್ನು ನೋಡಿದ ಬಳಿಕ, ಆರೋಪಗಳಿಗೆ ಪುರಾವೆ ಇಲ್ಲವೆಂದು 2020ರ ಜನವರಿಯಲ್ಲಿ ಸಮಿತಿ ಪ್ರಕಟಿಸಿತು. ಎರಡು ಲಕ್ಷಕ್ಕೂ ಹೆಚ್ಚು ನೌಕರರಿದ್ದ ಕಂಪನಿಯಲ್ಲಿ 46 ಜನರನ್ನು ಆರಿಸಿದ್ದೇ ವ್ಯಾಪ್ತಿಯ ನಿರ್ಣಯ.

ದೂರನ್ನು ಒಡೆದು ನೋಡುವುದು

ಬಹುಪಾಲು ದೂರುಗಳು ಇಷ್ಟು ದೊಡ್ಡವಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗ ತಯಾರಿಸುವ ಕಾರ್ಖಾನೆಯೊಂದಕ್ಕೆ ಮೂಗರ್ಜಿಯೊಂದು ಬಂದಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂರು ಸಾಲುಗಳಿವೆ. ಎರಡು ವರ್ಷದಿಂದ ಗುಜರಿ ಲಾರಿಗಳ ತೂಕ ಕಡಿಮೆ ತೋರಿಸುತ್ತಿದ್ದಾರೆ. ಸ್ಟೋರ್ಸ್ ಮ್ಯಾನೇಜರಿಗೆ ಅದರಲ್ಲಿ ಪಾಲಿದೆ. ಇನ್ನೂ ಎಷ್ಟೋ ನಡೆಯುತ್ತಿದೆ, ಮೇಲಿನವರಿಗೆಲ್ಲ ಗೊತ್ತು.

ಮೊದಲ ಸಾಲನ್ನು ಕಂಪನಿ ತನ್ನದೇ ದಾಖಲೆಯಿಂದ ಪರೀಕ್ಷಿಸಬಹುದು. ಎರಡನೆಯದನ್ನು ಸಾಬೀತುಪಡಿಸಲು ಮ್ಯಾನೇಜರರ ಖಾಸಗಿ ಬ್ಯಾಂಕ್ ಖಾತೆ ನೋಡಬೇಕು. ಆ ಅಧಿಕಾರ ಕಂಪನಿಗಿಲ್ಲ, ಪೊಲೀಸರಿಗಿದೆ. ಹಾಗಾಗಿ ಪ್ರಾಥಮಿಕ ಹಂತದಲ್ಲಿ ಗುಜರಿ ಖರೀದಿದಾರನನ್ನು ಆರಿಸಿದ್ದು ಯಾರು, ದರ ಒಪ್ಪಿದ್ದು ಯಾರು ಎಂಬಷ್ಟಕ್ಕೇ ನಿಲ್ಲಬೇಕು. ಮೂರನೆಯ ಸಾಲಿನ ಮೊದಲರ್ಧ ತನಿಖೆಗೆ ಸಿಗುವಂಥದ್ದಲ್ಲ. ಅದನ್ನು ಬೆನ್ನಟ್ಟಿ ಇಡೀ ಕಾರ್ಖಾನೆ ಜಾಲಾಡಿದರೆ ಮೂರು ತಿಂಗಳಾದರೂ ಏನೂ ಮುಗಿಯದು. ಆದರೆ ‘ಮೇಲಿನವರಿಗೆಲ್ಲ ಗೊತ್ತು’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತನಿಖೆಯ ಉಸ್ತುವಾರಿ ಯಾರದಾಗಬಾರದು ಎಂಬುದನ್ನು ಅದು ಹೇಳುತ್ತದೆ. ಕಾರ್ಖಾನೆಯ ಮುಖ್ಯಸ್ಥರೂ ಸ್ಟೋರ್ಸಿನವರ ಮೇಲಧಿಕಾರಿಯೂ ಈ ಪತ್ರ ನೋಡಬಾರದು; ವರದಿ ನೇರವಾಗಿ ಸಮಿತಿಗೆ ಹೋಗಬೇಕು.

ಇವನ್ನೆಲ್ಲ ಒಂದೆರಡು ಪುಟದ ವ್ಯಾಪ್ತಿ ಟಿಪ್ಪಣಿಯಲ್ಲಿ ಬರೆದಿಡುತ್ತಾರೆ. ಯಾವ ಪ್ರಶ್ನೆ, ಯಾವ ಅವಧಿ, ಯಾರ ಬಳಿಯ ದಾಖಲೆ, ಯಾರು ನೋಡುತ್ತಾರೆ, ಯಾವುದು ಸದ್ಯಕ್ಕೆ ಹೊರಗೆ, ಏನು ಕಂಡುಬಂದರೆ ಸಮಿತಿಗೆ ಕೂಡಲೇ ತಿಳಿಸಬೇಕು ಎಂಬಷ್ಟು ಅದರಲ್ಲಿದ್ದರೆ ಸಾಕು. ಎರಡು ವರ್ಷದ ಆರೋಪವಿದ್ದರೂ ಮೊದಲು ಇತ್ತೀಚಿನ ಮೂರು ತಿಂಗಳನ್ನು ಪರೀಕ್ಷೆಗೆ ಎತ್ತಿಕೊಳ್ಳುವುದು ಒಳ್ಳೆಯದು. ಕಾಪಾಡುವುದು ಮಾತ್ರ ಎರಡು ವರ್ಷದ್ದನ್ನೂ. ಮುಂದೆ ವ್ಯಾಪ್ತಿ ಹಿಗ್ಗಿಸಬೇಕಾದರೆ ಕಾರಣ ಬರೆದು, ದಿನಾಂಕ ಹಾಕಿ ಹಿಗ್ಗಿಸಬೇಕು. ಪತ್ರ ಬರೆದವರು ಯಾರು ಎಂಬ ಪ್ರಶ್ನೆ ಈ ಟಿಪ್ಪಣಿಯಲ್ಲಿ ಇರಲೇಕೂಡದು. ಅಕ್ಷರ ಹೋಲಿಸುವ, ಅಂಚೆ ಮುದ್ರೆ ನೋಡಿ ಊಹಿಸುವ ಉಮೇದು ಪ್ರತಿ ಕಚೇರಿಯಲ್ಲೂ ಒಬ್ಬರಿಗಾದರೂ ಬರುತ್ತದೆ. ಪತ್ರವನ್ನೂ ಲಕೋಟೆಯನ್ನೂ ಮೊಹರು ಮಾಡಿ ಒಬ್ಬರ ವಶಕ್ಕೆ ಕೊಡುವುದೇ ಅದಕ್ಕೆ ಮದ್ದು.

ಬೇಗ ಅಳಿಯುವುದನ್ನು ಮೊದಲು

ಸಾಕ್ಷ್ಯ ಉಳಿಸುವ ಅನುಕ್ರಮವನ್ನು ಯಾವುದು ಮುಖ್ಯ ಎಂಬುದರ ಮೇಲಲ್ಲ, ಯಾವುದು ಬೇಗ ಅಳಿಯುತ್ತದೆ ಎಂಬುದರ ಮೇಲೆ ನಿರ್ಧರಿಸುತ್ತಾರೆ. ಈ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದು ವೇಬ್ರಿಡ್ಜ್ ಬಳಿಯ ಸಿಸಿಟಿವಿ ದೃಶ್ಯ. ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವೇ ವಾರಗಳದ್ದು ಉಳಿದಿರುತ್ತದೆ. ದೂರು ಬಂದ ಮೇಲೆ ಸಭೆ ಕರೆಯಲು ಹತ್ತು ದಿನ ಕಳೆದರೆ ಹತ್ತು ದಿನದ ದೃಶ್ಯ ಹೋಯಿತೆಂದೇ ಅರ್ಥ. ರೆಕಾರ್ಡರಿನ ಹಾರ್ಡ್ ಡಿಸ್ಕನ್ನೇ ತೆಗೆದು, ಹೊಸದನ್ನು ಹಾಕಿ, ಹಳೆಯದಕ್ಕೆ ಮೊಹರು ಹಾಕುವುದು ಅಗ್ಗದ ಮತ್ತು ಖಚಿತವಾದ ದಾರಿ. ತೆಗೆಯುವ ಮುನ್ನ ರೆಕಾರ್ಡರಿನ ಪರದೆಯಲ್ಲಿರುವ ಗಡಿಯಾರವನ್ನೂ ಮೊಬೈಲಿನ ಸಮಯವನ್ನೂ ಒಂದೇ ಫೋಟೊದಲ್ಲಿ ಹಿಡಿಯಬೇಕು. ಗಡಿಯಾರ ಹನ್ನೊಂದು ನಿಮಿಷ ಮುಂದಿದ್ದದ್ದು ಯಾರಿಗೂ ಗೊತ್ತಿರದಿದ್ದರೆ, ತೂಕದ ಚೀಟಿಯ ಸಮಯಕ್ಕೂ ದೃಶ್ಯಕ್ಕೂ ತಾಳೆಯಾಗದೆ ಇಡೀ ದೃಶ್ಯವೇ ವಿವಾದಕ್ಕೀಡಾಗುತ್ತದೆ. ಪರದೆಯ ಮೇಲೆ ಓಡುವ ದೃಶ್ಯವನ್ನು ಭದ್ರತಾ ಸಿಬ್ಬಂದಿ ಮೊಬೈಲಿನಲ್ಲಿ ಚಿತ್ರೀಕರಿಸಿ ಕೊಡುವುದು ಎಲ್ಲೆಡೆ ಕಾಣುವ ರೂಢಿ. ಅದು ಮೂಲದ ನಕಲಲ್ಲ.

ಎರಡನೆಯದು ಇಮೇಲ್. ಮೈಕ್ರೊಸಾಫ್ಟ್‌ನ Exchange Online ಬಳಸುವ ಕಂಪನಿಗಳಲ್ಲಿ, ಬಳಕೆದಾರ ಪೂರ್ತಿ ಅಳಿಸಿದ ಸಂದೇಶ ಮರಳಿ ಸಿಗುವ ಸಹಜ ಅವಧಿ 14 ದಿನ. ಹೊಂದಿಕೆ ಬದಲಿಸಿದರೂ 30 ದಿನ. ನಿರ್ವಾಹಕರು ಆ ಪೆಟ್ಟಿಗೆಗೆ Litigation Hold ಹಾಕಿದರೆ, ಬಳಕೆದಾರನ ಗಮನಕ್ಕೆ ಬಾರದಂತೆಯೇ ಅಳಿಸಿದ್ದೂ ಉಳಿಯುತ್ತದೆ. ಆ ನಿರ್ವಾಹಕರು ಆರೋಪಿತರ ಸ್ನೇಹಿತರಲ್ಲವೇ ಎಂದು ಮೊದಲೇ ನೋಡಿಕೊಂಡಿರಬೇಕು. ‘ಯಾವ ದಾಖಲೆಯನ್ನೂ ನಾಶ ಮಾಡಬಾರದು’ ಎಂಬ ಲಿಖಿತ ಸೂಚನೆ ಸಂಬಂಧಪಟ್ಟವರಿಗೆ ಹೋಗಬೇಕಾದದ್ದು ಈ ತೆರೆಮರೆಯ ಕೆಲಸವೆಲ್ಲ ಮುಗಿದ ಮೇಲೆ. ಮೊದಲೇ ಹೊರಡಿಸಿದರೆ ಆ ಸೂಚನೆಯೇ ಎಚ್ಚರಿಕೆಯ ಗಂಟೆಯಾಗುತ್ತದೆ.

ಮೂರನೆಯದು ವೇಬ್ರಿಡ್ಜ್‌ನ ಕಂಪ್ಯೂಟರ್. ಐಟಿ ವಿಭಾಗದ ಹುಡುಗನೊಬ್ಬ ಅದನ್ನು ತೆರೆದು, ಬೇಕಾದ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದುಕೊಂಡರೆ ಕಡತಗಳು ಬರುತ್ತವೆ, ಅವುಗಳ ದಿನಾಂಕಗಳು ಕೆಡುತ್ತವೆ, ಅಳಿಸಿದ ಕಡತಗಳು ಬರುವುದೇ ಇಲ್ಲ. ಬರವಣಿಗೆ ತಡೆಯುವ ಸಾಧನದ ಮೂಲಕ ಡಿಸ್ಕನ್ನು ಜೋಡಿಸಿ, ಅದರ ಪೂರ್ತಿ ಪ್ರತಿಬಿಂಬ ತೆಗೆದು, ಆ ಪ್ರತಿಯ ಹ್ಯಾಶ್ ಮೌಲ್ಯವನ್ನು ಅಲ್ಲೇ ಬರೆದುಕೊಳ್ಳುವುದು ಸರಿಯಾದ ಕ್ರಮ. ವಿಂಡೋಸ್‌ನಲ್ಲಿ ಅದಕ್ಕೆ ಒಂದು ಸಾಲು ಸಾಕು:

```
certutil -hashfile D:\image\weighpc.dd SHA256
```

ಬರುವ 64 ಅಂಕಿ–ಅಕ್ಷರಗಳ ಸಾಲು ಕಡತದ ಒಂದೇ ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಇದು ಬರೀ ತಾಂತ್ರಿಕ ಶಿಸ್ತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು. ಒಂದಕ್ಕೆ ದಾಖಲೆ ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ ನಮೂದಿಸಬೇಕು. ಹಳೆಯ ಕಾಯ್ದೆಯ 65ಬಿ ಪ್ರಮಾಣಪತ್ರದಲ್ಲಿ ಇದು ಕಡ್ಡಾಯವಾಗಿರಲಿಲ್ಲ. ಸಂಗ್ರಹಿಸಿದ ದಿನ ಹ್ಯಾಶ್ ತೆಗೆಯದೆ ವರ್ಷ ಬಿಟ್ಟು ತೆಗೆದರೆ ನಡುವಿನ ಕಾಲದ ಬಗ್ಗೆ ಅದು ಏನನ್ನೂ ಹೇಳದು.

ಪ್ರತಿ ವಸ್ತುವಿಗೂ ಮಹಜರಿನ ಮಾದರಿಯ ಟಿಪ್ಪಣಿ ಬೇಕು: ಎಲ್ಲಿಂದ, ಎಷ್ಟು ಹೊತ್ತಿಗೆ, ಯಾರ ಎದುರು ತೆಗೆದದ್ದು, ಡಿಸ್ಕಿನ ಕ್ರಮಸಂಖ್ಯೆ, ಮೊಹರಿನ ಸಂಖ್ಯೆ, ನಂತರ ಯಾರ ಕೈಯಿಂದ ಯಾರ ಕೈಗೆ ಹೋಯಿತು. ಗೇಟ್ ಪುಸ್ತಕ ಮತ್ತು ತೂಕದ ಚೀಟಿಗಳ ಮೂಲ ಪ್ರತಿಗಳನ್ನೇ ಎತ್ತಿಟ್ಟು ಕೆಲಸಕ್ಕೆ ಜೆರಾಕ್ಸ್ ಕೊಡಬೇಕು. ನೌಕರರ ಸ್ವಂತ ಮೊಬೈಲನ್ನು ಕಂಪನಿ ಕಿತ್ತುಕೊಳ್ಳುವಂತಿಲ್ಲ. ಲಿಖಿತ ಒಪ್ಪಿಗೆ ಕೇಳಬಹುದು, ನಿರಾಕರಿಸಿದರೆ ನಿರಾಕರಿಸಿದರೆಂದು ಬರೆಯಬಹುದು, ಅಷ್ಟೇ.

ಲೆಕ್ಕ ಏನು ಹೇಳುತ್ತದೆ

ಇಷ್ಟಾದ ಮೇಲೆ ಮೊದಲ ಪರೀಕ್ಷೆ ಸರಳ. 4 ಕಿಲೊ ಸರಳಿನಿಂದ 2.8 ಕಿಲೊ ಭಾಗ ತಯಾರಾಗುತ್ತದಾದರೆ 1.2 ಕಿಲೊ ಕಬ್ಬಿಣದ ಸಿಪ್ಪೆ ಬೀಳುತ್ತದೆ. ತಿಂಗಳಿಗೆ 20,000 ಭಾಗವಾದರೆ 24 ಟನ್. ಚೀಟಿಗಳ ಪ್ರಕಾರ ಮಾರಾಟವಾದದ್ದು 12 ಲಾರಿಗಳಲ್ಲಿ 19.5 ಟನ್. ಅಂಗಳದಲ್ಲಿ ದಾಸ್ತಾನು ಮಿಕ್ಕಿಲ್ಲ, ಹಾಗಾಗಿ ಲೆಕ್ಕ ಹೊಂದುವುದಿಲ್ಲ. ಸಿಪ್ಪೆಗೆ ಅಂಟಿದ ಕೂಲೆಂಟ್ ದ್ರವದಿಂದ ತೂಕ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಕೊರತೆ ಲಾರಿಯೊಂದಕ್ಕೆ 375 ಕಿಲೊ.

ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಸರಕಿನ ತೂಕ. ಖಾಲಿ ತೂಗುವಾಗ ಲಾರಿಯಲ್ಲಿ ಕಲ್ಲೋ ಜನರೋ ಇದ್ದರೆ ಸರಕು ಅಷ್ಟೇ ಕಡಿಮೆ ಕಾಣುತ್ತದೆ. ಒಂದೇ ನೋಂದಣಿ ಸಂಖ್ಯೆಯ ಲಾರಿಯ ಖಾಲಿ ತೂಕ ಬೇರೆ ಸರಕು ತಂದ ದಿನ 3,200 ಕಿಲೊ, ಗುಜರಿ ಒಯ್ದ ದಿನ 3,575 ಕಿಲೊ ಎಂದಿದ್ದರೆ ದೂರಿನ ಮೊದಲ ಸಾಲಿಗೆ ಆಧಾರ ಸಿಕ್ಕಿತು. ಆ ದಿನದ ದೃಶ್ಯದಲ್ಲಿ ಲಾರಿಯ ಹಿಂಭಾಗ ಕಂಡರೆ ಪೂರ್ಣ ತನಿಖೆಗೆ ಶಿಫಾರಸು ಮಾಡಬಹುದು. ಖಾಲಿ ತೂಕ ಎಲ್ಲ ದಿನವೂ ಒಂದೇ ಇದ್ದು ಕೊರತೆ ಮಾತ್ರ ಉಳಿದರೆ, ಉತ್ಪಾದನೆಯ ಲೆಕ್ಕವೇ ತಪ್ಪಿರಬಹುದು ಎಂಬ ಸಾಧ್ಯತೆಯನ್ನು ಮೊದಲು ತೊಡೆಯಬೇಕು.

ಪ್ರಾಥಮಿಕ ವರದಿಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ: ಯಾವ ಸಾಲಿಗೆ ಆಧಾರವಿದೆ, ಯಾವುದಕ್ಕಿಲ್ಲ, ಯಾವುದನ್ನು ನೋಡಿಲ್ಲ. ನೋಂದಾಯಿತ ಕಂಪನಿ ಇದರ ಮುಂದುವರಿಕೆಯಾಗಿ ಫೊರೆನ್ಸಿಕ್ ಆಡಿಟ್ ಆರಂಭಿಸಿದರೆ ಸೆಬಿ ನಿಯಮದಂತೆ ಅದನ್ನು ಷೇರುಪೇಟೆಗೆ ತಿಳಿಸಬೇಕಾಗುತ್ತದೆ. ಮ್ಯಾನೇಜರರ ಮೇಲೆ ಶಿಸ್ತುಕ್ರಮ ಕೈಗೊಳ್ಳುವುದಾದರೆ ಈ ವರದಿಯಷ್ಟೇ ಸಾಲದು. ಆರೋಪಪಟ್ಟಿ ಕೊಟ್ಟು ಇಲಾಖಾ ವಿಚಾರಣೆ ನಡೆಸಬೇಕು. ಪ್ರಾಥಮಿಕ ಹಂತದಲ್ಲಿ ಹೇಳಿಕೆ ಕೊಟ್ಟ ವೇಬ್ರಿಡ್ಜ್ ಸಿಬ್ಬಂದಿ ಅಲ್ಲಿ ಮತ್ತೆ ಹಾಜರಾಗಿ ಸಾಕ್ಷಿ ಹೇಳಬೇಕು, ಅವರನ್ನು ಪಾಟೀಸವಾಲು ಮಾಡುವ ಅವಕಾಶ ಆರೋಪಿತರಿಗೆ ಇರಬೇಕು.