ನಗು ಹುಟ್ಟುವುದು 14ನೇ ಫ್ರೇಮಿನಲ್ಲಿ

ತೋಳದ ಜಾತಿಯ ಒಂದು ಬಡಕಲು ಪ್ರಾಣಿ ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಓಡುತ್ತದೆ. ಬಂಡೆಯ ಅಂಚು ಮುಗಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಗಾಳಿಯಲ್ಲಿ ನಿಂತು, ಕೆಳಗೆ ನೋಡಿ, ನಮ್ಮ ಕಡೆ ದೀನವಾಗಿ ಕಣ್ಣು ಹಾಯಿಸಿ, ಆಮೇಲೆ ಬೀಳುತ್ತದೆ. ಚಿಕ್ಕದಾಗುತ್ತಾ ಹೋಗಿ ಚುಕ್ಕೆಯಾಗಿ ಮಾಯವಾಗುತ್ತದೆ. ಕ್ಷಣಕಾಲ ಮೌನ. ಆಳದಲ್ಲೆಲ್ಲೋ ಒಂದು ಚಿಟಿಕೆ ಧೂಳು, ಒಂದು ಸಣ್ಣ ‘ದೊಪ್’. ಚಿತ್ರಮಂದಿರ ನಗುತ್ತದೆ.

ಅಮೆರಿಕದ ವಾರ್ನರ್ ಬ್ರದರ್ಸ್ ಕಾರ್ಟೂನ್ ವಿಭಾಗದಲ್ಲಿ ನಿರ್ದೇಶಕ ಚಕ್ ಜೋನ್ಸ್ 1949ರಲ್ಲಿ ಆರಂಭಿಸಿದ ರೋಡ್ ರನ್ನರ್ ಸರಣಿಯ ದೃಶ್ಯವಿದು. ಬೀಳುವ ಪ್ರಾಣಿ ವೈಲ್ ಇ. ಕಯೋಟಿ. ಇಲ್ಲಿ ನಗು ತರಿಸಿದ್ದು ಬೀಳುವ ಚಿತ್ರವೊಂದೇ ಅಲ್ಲ. ಆ ‘ದೊಪ್’ ಎಂಬ ಸದ್ದು ಯಾವಾಗ ಬಂತು, ಎಷ್ಟು ಸಣ್ಣದಾಗಿ ಬಂತು ಎಂಬುದರಲ್ಲಿ ಅರ್ಧ ನಗು ಅಡಗಿದೆ.

ಸಿನಿಮಾ ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರಗಳು, ಅಂದರೆ 24 ಫ್ರೇಮುಗಳು ಓಡುತ್ತವೆ. ಕಯೋಟಿ ಕಣ್ಮರೆಯಾಗಲು 18 ಫ್ರೇಮು, ಆಮೇಲೆ ನೆಲಕ್ಕೆ ಅಪ್ಪಳಿಸಲು 14 ಫ್ರೇಮು ಎಂಬುದು ಜೋನ್ಸ್ ಕಂಡುಕೊಂಡ ಲೆಕ್ಕ. 13ಕ್ಕೆ ಇಳಿಸಿದರೂ 15ಕ್ಕೆ ಏರಿಸಿದರೂ ನಗು ಬರುತ್ತಿರಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. 14 ಫ್ರೇಮೆಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು.

ನಿಜವಾದ ಕಣಿವೆಯಲ್ಲಿ ಏನಾಗುತ್ತದೆ? 300 ಮೀಟರ್ ಆಳಕ್ಕೆ ಕಲ್ಲು ಬಿದ್ದರೆ ತಳ ಮುಟ್ಟಲು ಸುಮಾರು 8 ಸೆಕೆಂಡು ಬೇಕು. ಆ ಸದ್ದು ಮೇಲೆ ನಿಂತವರ ಕಿವಿಗೆ ತಲುಪಲು ಮತ್ತೆ ಹತ್ತಿರಹತ್ತಿರ 1 ಸೆಕೆಂಡು. ಕಾರ್ಟೂನಿನಲ್ಲಿ ಇಡೀ ಪತನ ಒಂದೂಕಾಲು ಸೆಕೆಂಡು ದಾಟುತ್ತಿದ್ದಂತೆ ಮುಗಿದುಹೋಗುತ್ತದೆ. ಧೂಳು ಏಳುವುದೂ ಸದ್ದು ಕೇಳುವುದೂ ಒಟ್ಟಿಗೇ. ಭೌತಶಾಸ್ತ್ರದ ಪ್ರಕಾರ ಇದು ಶುದ್ಧ ಸುಳ್ಳು. ಆದರೆ 8 ಸೆಕೆಂಡು ಕಾದರೆ ನೋಡುಗನಿಗೆ ಸಾವಿನ ಯೋಚನೆ ಬರುತ್ತದೆ. ಅರ್ಧ ಸೆಕೆಂಡಿನಲ್ಲಿ ಬರುವುದು ‘ಇನ್ನೂ ಬೀಳಲಿಲ್ಲವೇ’ ಎಂಬ ಕುತೂಹಲ ಮಾತ್ರ. ಅದು ಕುದಿಯುವ ಹೊತ್ತಿಗೆ ಸರಿಯಾಗಿ ಸದ್ದು ಬರಬೇಕು.

ಇಂಥ ಸದ್ದುಗಳ ಹುಟ್ಟು ಮೂಕಿಚಿತ್ರಗಳ ಕಾಲದ್ದು. ಅಂದಿನ ಚಿತ್ರಮಂದಿರಗಳಲ್ಲಿ ಡ್ರಮ್ ಬಾರಿಸುವವನು ತನ್ನ ಸುತ್ತ ಗಂಟೆ, ಗಿಲಕಿ, ಸೀಟಿ, ಮರದ ತುಂಡುಗಳನ್ನು ಹರಡಿಕೊಂಡು ಪರದೆಯ ಮೇಲಿನ ಪ್ರತಿ ಪೆಟ್ಟಿಗೂ ಒಂದು ಸದ್ದು ಕೊಡುತ್ತಿದ್ದ. 1928ರಲ್ಲಿ ವಾಲ್ಟ್ ಡಿಸ್ನಿ ‘ಸ್ಟೀಮ್‌ಬೋಟ್ ವಿಲ್ಲಿ’ ತಯಾರಿಸಿದಾಗ ಈ ಪರಿಕರಗಳೇ ಧ್ವನಿಪಥಕ್ಕೆ ಬಂದವು. ಆದರೆ ಒಂದು ವ್ಯತ್ಯಾಸವಿತ್ತು. ಡ್ರಮ್ಮಿನವನು ಚಿತ್ರ ನೋಡಿ ಬಾರಿಸುತ್ತಿದ್ದ. ಡಿಸ್ನಿಯವರು ತಾಳವನ್ನು ಮೊದಲೇ ಗೊತ್ತು ಮಾಡಿ ಅದಕ್ಕೆ ತಕ್ಕಂತೆ ಚಿತ್ರ ಬರೆದರು. ನಿಮಿಷಕ್ಕೆ 120 ಪೆಟ್ಟಿನ ತಾಳವಾದರೆ ಒಂದು ಪೆಟ್ಟಿಗೆ 12 ಫ್ರೇಮು. ಪಾತ್ರದ ಕಾಲು ಯಾವ ಫ್ರೇಮಿನಲ್ಲಿ ನೆಲ ಮುಟ್ಟಬೇಕೆಂಬುದು ಚಿತ್ರಗಾರನಿಗೆ ಮೊದಲೇ ಗೊತ್ತಿರುತ್ತಿತ್ತು.

1930ರ ದಶಕದಲ್ಲಿ ಡಿಸ್ನಿ ಸಂಸ್ಥೆ ಸೇರಿದ ಜಿಮ್ಮಿ ಮ್ಯಾಕ್‌ಡೊನಾಲ್ಡ್ ಕೂಡ ಮೂಲತಃ ಡ್ರಮ್ ವಾದಕರೇ. ಮರ, ತಗಡು, ಚರ್ಮ, ರಬ್ಬರುಗಳಿಂದ ಸದ್ದು ಮಾಡುವ ನೂರಾರು ಸಾಧನಗಳನ್ನು ಅವರು ತಾವೇ ಕಟ್ಟಿದರು. ವಾರ್ನರ್ ಸಂಸ್ಥೆಯಲ್ಲಿದ್ದ ಟ್ರೆಗ್ ಬ್ರೌನ್ ಅವರ ದಾರಿ ಬೇರೆ. ಸಂಸ್ಥೆಯ ಕಥಾಚಿತ್ರಗಳಿಗಾಗಿ ಮುದ್ರಿಸಿಟ್ಟಿದ್ದ ಸದ್ದುಗಳ ಭಂಡಾರವೇ ಅವರ ಕೈಗೆ ಸಿಕ್ಕಿತ್ತು. ಕಾರು, ವಿಮಾನ, ಗುಂಡುಗಳ ನಿಜವಾದ ಸದ್ದನ್ನು ತೆಗೆದು ಅದಕ್ಕೆ ಸಂಬಂಧವೇ ಇಲ್ಲದ ಚಿತ್ರಕ್ಕೆ ಅಂಟಿಸುವುದರಲ್ಲಿ ಅವರು ನಿಸ್ಸೀಮರು.

ಸದ್ದನ್ನು ನಗೆಯಾಗಿಸುವ ಇನ್ನೊಂದು ಉಪಾಯ ಶ್ರುತಿಯನ್ನು ಬದಲಿಸುವುದು. ಇದರ ಮೊದಲ ಪಾಠವನ್ನು ನಾವೆಲ್ಲ ಶಾಲೆಯ ಬೆಂಚಿನ ಮೇಲೆ ಕಲಿತಿದ್ದೇವೆ. ಅಡಿಪಟ್ಟಿಯ ಒಂದು ತುದಿಯನ್ನು ಬೆಂಚಿಗೆ ಒತ್ತಿಹಿಡಿದು ಇನ್ನೊಂದು ತುದಿಯನ್ನು ಮೀಟಿದರೆ ‘ಡೊಂಯ್’ ಎನ್ನುತ್ತದೆ. ಹೊರಚಾಚಿದ ಭಾಗ 20 ಸೆಂಟಿಮೀಟರಿನಿಂದ 10ಕ್ಕೆ ಇಳಿದರೆ ಕಂಪನ ನಾಲ್ಕು ಪಟ್ಟಾಗುತ್ತದೆ. ಸಂಗೀತದ ಭಾಷೆಯಲ್ಲಿ ಎರಡು ಸ್ಥಾಯಿ ಮೇಲೇರುತ್ತದೆ. ಮೀಟಿದ ಕೂಡಲೇ ಪಟ್ಟಿಯನ್ನು ಒಳಕ್ಕೆ ಎಳೆದರೆ ಸದ್ದು ಜಿಗಿದು ಮೇಲೇರಿದಂತೆ ಕೇಳುತ್ತದೆ. ಕಾರ್ಟೂನಿನ ಸ್ಪ್ರಿಂಗು, ನೆಟ್ಟ ಬಾಣದ ನಡುಕ ಎಲ್ಲಕ್ಕೂ ಈ ಜಾತಿಯ ಸದ್ದೇ ಆಧಾರ. ನಮ್ಮ ಮೋರ್ಸಿಂಗಿನ ಪಾಶ್ಚಾತ್ಯ ಸೋದರ ವಾದ್ಯವನ್ನೂ ಇದಕ್ಕೇ ಬಳಸುತ್ತಾರೆ.

ವಸ್ತುವಿನಿಂದ ಆಗದ್ದನ್ನು ಟೇಪು ಮಾಡುತ್ತಿತ್ತು. ಸೆಕೆಂಡಿಗೆ 15 ಇಂಚು ವೇಗದಲ್ಲಿ ಮುದ್ರಿಸಿದ್ದನ್ನು ಏಳೂವರೆ ಇಂಚಿನ ವೇಗದಲ್ಲಿ ಓಡಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಅವಧಿ ಇಮ್ಮಡಿಯಾಗುತ್ತದೆ. ಪಾತ್ರೆಯ ಮುಚ್ಚಳ ಬಿದ್ದ ಅರ್ಧ ಸೆಕೆಂಡಿನ ಸದ್ದು ಒಂದು ಸೆಕೆಂಡಿನ ಕೋಟೆ ಬಾಗಿಲಾಗುತ್ತದೆ. ವೇಗ ಹೆಚ್ಚಿಸಿದರೆ ಇದರ ತಿರುವುಮುರುವು. ಡ್ಯಾಫಿ ಡಕ್‌ಗಾಗಿ ಮೆಲ್ ಬ್ಲಾಂಕ್ ಮಾತಾಡಿದ್ದನ್ನು ಹೀಗೆಯೇ ವೇಗ ಹೆಚ್ಚಿಸಿ ಕೇಳಿಸುತ್ತಿದ್ದರು.

ಈ ವಿದ್ಯೆ ಕೈಕೊಡುವುದೂ ಉಂಟು. ಸದ್ದನ್ನು ನಿಧಾನಗೊಳಿಸಿದಾಗ ಅದರ ಮೊದಲ ಪೆಟ್ಟಿನ ಹರಿತವೂ ಮೊಂಡಾಗುತ್ತದೆ. ಮುದ್ರಿಸಿದ ಕೋಣೆಯ ಮಾರ್ದನಿಯೂ ಹಿಗ್ಗಿ ಎಲ್ಲವೂ ಗುಹೆಯೊಳಗೆ ನಡೆದಂತೆ ಕೇಳುತ್ತದೆ. ಪೆಟ್ಟು ಬಿದ್ದದ್ದು ಕಣ್ಣಿಗೆ ಕಂಡರೂ ಕಿವಿಗೆ ತಡವಾಗಿ ಬಂದಂತೆ ಅನ್ನಿಸಿದರೆ ತಪ್ಪು ಇಲ್ಲೇ ಆಗಿದೆ ಎಂದು ತಿಳಿಯಬೇಕು. ಅದಕ್ಕೆ ಪರಿಹಾರ ಎರಡು. ಮಾರ್ದನಿಯಿಲ್ಲದ ಜಾಗದಲ್ಲಿ ಮೈಕನ್ನು ಹತ್ತಿರವಿಟ್ಟು ಮುದ್ರಿಸುವುದು ಒಂದು. ನಿಧಾನಗೊಳಿಸಿದ ಸದ್ದಿನ ತಲೆಗೆ ಮೂಲ ಸದ್ದಿನ ಚೂಪಾದ ಮೊದಲ ಪೆಟ್ಟನ್ನು ಜೋಡಿಸುವುದು ಇನ್ನೊಂದು. ಇಂದು ಕಂಪ್ಯೂಟರು ಅವಧಿಯನ್ನು ಮುಟ್ಟದೆ ಶ್ರುತಿಯನ್ನಷ್ಟೇ ಬದಲಿಸಬಲ್ಲದು. ಆದರೆ ಹೆಚ್ಚು ಎಳೆದರೆ ಒಂದೇ ಪೆಟ್ಟು ಎರಡಾಗಿ ಒಡೆದು ಕೇಳುವುದುಂಟು.

ಕತ್ತರಿಯ ಬಲ ಎಷ್ಟೆಂಬುದಕ್ಕೆ ‘ಟಾಮ್ ಅಂಡ್ ಜೆರ್ರಿ’ಯ ಟಾಮ್‌ನ ಚೀತ್ಕಾರ ಸಾಕ್ಷಿ. ಅದು ನಿರ್ದೇಶಕರಲ್ಲಿ ಒಬ್ಬರಾದ ವಿಲಿಯಂ ಹನ್ನಾ ಅವರದೇ ಕೂಗು. ಮನುಷ್ಯ ಕೂಗುವಾಗ ಮೊದಲು ಉಸಿರೆಳೆಯುತ್ತಾನೆ, ಕೊನೆಗೆ ದನಿ ಇಳಿಯುತ್ತದೆ. ಆ ಎರಡೂ ತುದಿಗಳನ್ನು ಕತ್ತರಿಸಿ ನಡುವಿನ ಜೋರು ಭಾಗವನ್ನಷ್ಟೇ ಉಳಿಸಿಕೊಂಡರು. ತಯಾರಿಯೂ ಇಲ್ಲ, ಮುಕ್ತಾಯವೂ ಇಲ್ಲ. ಯಾವ ಪ್ರಾಣಿಯೂ ಹಾಗೆ ಕೂಗಲಾರದು. ಆದ್ದರಿಂದಲೇ ಅದು ನೋವಾಗಿ ಕೇಳದೆ ತಮಾಷೆಯಾಗಿ ಕೇಳುತ್ತದೆ.

ಈ ಸುಳ್ಳು ಸದ್ದುಗಳು ಮಾಡುವ ನಿಜವಾದ ಕೆಲಸವೂ ಇದೇ. ಸುತ್ತಿಗೆ ತಲೆಗೆ ಬಿದ್ದಾಗ ಮೂಳೆ ಮುರಿದ ನಿಜವಾದ ಸದ್ದು ಕೇಳಿಸಿದರೆ ಮಗು ಬೆಚ್ಚಿ ಅಮ್ಮನ ಮಡಿಲಿಗೆ ಓಡುತ್ತದೆ. ಅಲ್ಲಿ ‘ಟೊಂಯ್’ ಎಂದು ಕೇಳಿದರೆ, ಯಾರಿಗೂ ಪೆಟ್ಟಾಗಿಲ್ಲ ಎಂಬ ಭರವಸೆ ಚಿತ್ರಕ್ಕಿಂತ ಮೊದಲು ಕಿವಿಗೆ ಸಿಗುತ್ತದೆ.

ಹೀಗಿದ್ದರೂ ಇದನ್ನು ಮಾಡಿದವರ ಹೆಸರು ತೆರೆಯ ಮೇಲೆ ಕಂಡದ್ದು ಕಡಿಮೆ. ರೋಡ್ ರನ್ನರ್‌ನ ‘ಬೀಪ್ ಬೀಪ್’ ಕೂಗು ಹಿನ್ನೆಲೆ ಚಿತ್ರ ಬರೆಯುತ್ತಿದ್ದ ಪಾಲ್ ಜೂಲಿಯನ್ ಅವರದು. ಆ ಚಿತ್ರಗಳಲ್ಲಿ ಅದಕ್ಕಾಗಿ ಅವರ ಹೆಸರು ಬರಲಿಲ್ಲ. ಟ್ರೆಗ್ ಬ್ರೌನ್ ಅವರಿಗೆ ಆಸ್ಕರ್ ಬಂದದ್ದೂ ಕಾರ್ಟೂನಿಗಲ್ಲ, 1965ರ ‘ದಿ ಗ್ರೇಟ್ ರೇಸ್’ ಎಂಬ ಕಥಾಚಿತ್ರದ ಸದ್ದುಗಳಿಗೆ.

ಮನೆಯ ಮಕ್ಕಳು ಕಾರ್ಟೂನ್ ನೋಡುವಾಗ ಒಮ್ಮೆ ಟಿವಿಯ ದನಿ ಪೂರ್ತಿ ಆರಿಸಿ ನೋಡಿ. ಕಯೋಟಿ ಆಗಲೂ ಬೀಳುತ್ತದೆ, ಧೂಳೂ ಏಳುತ್ತದೆ. ಕೋಣೆಯಲ್ಲಿ ನಗು ಎಷ್ಟು ಉಳಿಯಿತು ಎಂಬುದನ್ನು ನೀವೇ ಲೆಕ್ಕ ಹಾಕಬಹುದು.