ಕಂಬಿಯ ಮೈಮೇಲಿನ ಅಕ್ಷರ

ನಮ್ಮ ಮುಂಬಯಿಯ ಹಳೇ ಕಟ್ಟಡ ಕೆಡವುವಾಗ ಕಾಂಕ್ರೀಟಿನಿಂದ ಹೊರಗೆ ಚಾಚಿಕೊಂಡ ಕಂಬಿಗಳನ್ನು ನೋಡಿದ್ದೀರಾ? ಎಪ್ಪತ್ತು-ಎಂಬತ್ತರ ದಶಕದ್ದಾದರೆ ಹೆಚ್ಚಾಗಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿರುತ್ತವೆ. ಅದೇ ಟಾರ್ ಸ್ಟೀಲು. ಉದ್ದಕ್ಕೆ ಏರಿದ ಎರಡು ಗೆರೆಗಳು ಬಳ್ಳಿಯಂತೆ ಕಂಬಿಯನ್ನು ಸುತ್ತಿರುತ್ತವೆ.

ಕಬ್ಬಿಣವನ್ನು ತಣ್ಣಗಿರುವಾಗಲೇ ತಿರುಚಿದರೆ ಬಲ ಹೆಚ್ಚುತ್ತದೆ. ಅಮೆರಿಕದ ಅರ್ನೆಸ್ಟ್ ರಾನ್ಸಮ್ ಎಂಬಾತ ಚೌಕದ ಕಂಬಿ ತಿರುಚಿ 1884ರಲ್ಲೇ ಪೇಟೆಂಟ್ ಪಡೆದಿದ್ದ. ನಮ್ಮಲ್ಲಿ ತಿರುಚಿದ ಕಂಬಿಗೆ ಐಎಸ್ 1786 ಎಂಬ ಮಾನದಂಡ ಬಂದದ್ದು 1961ರಲ್ಲಿ. ಆ ಕಾಲದ ಮೇಸ್ತ್ರಿಗೆ ಓದು ಬರಬೇಕಿರಲಿಲ್ಲ. ಸುತ್ತು ಇದೆಯೋ ಇಲ್ಲವೋ ನೋಡಿದರೆ ಸಾಕು, ಕಂಬಿಗೆ ಬಲ ಎಲ್ಲಿಂದ ಬಂತೆಂದು ಗೊತ್ತಾಗುತ್ತಿತ್ತು.

ಆಮೇಲೆ ಬಂತು ಟಿಎಂಟಿ. ಸುಮಾರು ಸಾವಿರ ಡಿಗ್ರಿ ಬಿಸಿಯ ಕಂಬಿ ಗಿರಣಿಯ ಕೊನೆಯ ರೋಲಿನಿಂದ ಹೊರಬರುತ್ತಲೇ ನೀರಿನ ಹೊಡೆತಕ್ಕೆ ಸಿಗುತ್ತದೆ. ಹೊರಮೈ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಆ ಸಿಪ್ಪೆಯನ್ನು ಹದ ಮಾಡುತ್ತದೆ. ಉದ್ದದ ಗೆರೆ ನೆಟ್ಟಗೇ ಇರುತ್ತದೆ. ಅಂದರೆ ಬಲ ಈಗ ಕಣ್ಣಿಗೆ ಕಾಣುವುದಿಲ್ಲ! ಕಂಬಿಯ ಮೈಮೇಲಿನ ಅಕ್ಷರಕ್ಕೆ ಇಷ್ಟು ಬೆಲೆ ಬಂದದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ಈ ಅಕ್ಷರ ಮೂಡುವ ಬಗೆ ತಿಳಿದಿದ್ದರೆ ಫೋಟೋ ಓದುವುದು ಸುಲಭ. ಕೊನೆಯ ರೋಲಿನ ಕಾಲುವೆಯಲ್ಲಿ ಹೆಸರನ್ನು ಉಲ್ಟಾ ಕೊರೆದಿರುತ್ತಾರೆ. ಕಂಬಿಯ ಮೇಲೆ ಅದು ಉಬ್ಬಿ ಬರುತ್ತದೆ. ರೋಲು ಒಂದು ಸುತ್ತು ಮುಗಿಸಿದಾಗ ಅದೇ ಹೆಸರು ಮತ್ತೆ. ರೋಲಿನ ಅಡ್ಡಳತೆ 300 ಮಿ.ಮೀ. ಅಂದುಕೊಳ್ಳಿ, ಸುಮಾರು 94 ಸೆಂ.ಮೀ.ಗೊಮ್ಮೆ. ಎರಡು ಕಡೆ ಕೊರೆದಿದ್ದರೆ ಅದರರ್ಧ. ಆಮೇಲೆ ಸುತ್ತಿಗೆಯಿಂದ ಒತ್ತಿದ ಅಕ್ಷರವಾದರೆ ತಗ್ಗಾಗಿರುತ್ತದೆ, ಅಂತರವೂ ಒಂದೇ ಸಮ ಇರುವುದಿಲ್ಲ.

ಧಾರವಾಡದಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮಣ್ಣನ ಮಗ ಹೋದ ತಿಂಗಳು ಫೋನ್ ಮಾಡಿದ. "ಕಾಕಾ, 12 ಎಂಎಂ ಕಂಬಿ ಫೋಟೋ ಕಳಿಸೇನಿ, 500ಡಿ ಅಂತ ಹೇಳ್ತಾರ, ನೋಡ್ರಿ." ಬಂದದ್ದು ಕಟ್ಟಿನ ತುದಿಯ ಚಿತ್ರ, ಬರೀ ಬಣ್ಣ. ಬಣ್ಣ ಯಾರು ಬೇಕಾದರೂ ಬಳಿಯಬಹುದು. "ಒಂದು ಕಂಬಿ ತಂತಿ ಬ್ರಶ್‌ನಿಂದ ಉಜ್ಜು, ಬಿಸಿಲು ಓರೆಯಾಗಿ ಬೀಳಲಿ, ಪಕ್ಕಕ್ಕೆ ಟೇಪ್ ಇಡು, ಒಂದೂಕಾಲು ಮೀಟರ್ ಪೂರ್ತಿ ಬರ್ಬೇಕು" ಅಂದೆ. ಓರೆ ಬೆಳಕಿನಲ್ಲಿ ಒಂದು ಮೋಸ ಇದೆ: ಬೆಳಕು ಚಿತ್ರದ ಕೆಳಗಿನಿಂದ ಬಂದಿದ್ದರೆ ಉಬ್ಬು ತಗ್ಗಿನಂತೆ ಕಾಣುತ್ತದೆ. ಚಿತ್ರ ತಿರುಗಿಸಿ ಬೆಳಕು ಮೇಲಿಂದ ಬರುವಂತೆ ನೋಡಬೇಕು.

ಎರಡನೇ ಫೋಟೋದಲ್ಲಿ ಹೆಸರು ಸರಿಯಾಗಿ ಎರಡು ಸಲ ಕಂಡಿತು. ಆದರೆ ಕೊಟೇಶನ್ನಿನಲ್ಲಿದ್ದ ಹೆಸರಿಗೂ ಇದಕ್ಕೂ ಒಂದು ಅಕ್ಷರ ವ್ಯತ್ಯಾಸ! ಪಕ್ಕದಲ್ಲಿ 500 ಅಂತ ಇದೆ. ಮುಂದೆ ಡಿ ಇಲ್ಲ. ಎರಡೂ ಕಡೆ ಇಲ್ಲ, ಹಾಗಾಗಿ ತುಕ್ಕು ತಿಂದಿದೆ ಅನ್ನುವಂತಿಲ್ಲ. 500 ಅನ್ನುವುದು ಕಂಬಿ ಯಾವ ಒತ್ತಡದ ತನಕ ಜಗ್ಗದೆ ತಡೆಯಬೇಕು ಎಂಬ ಲೆಕ್ಕ, ಎರಡಕ್ಕೂ ಒಂದೇ. ಆದರೆ ಮುರಿಯುವ ಮುನ್ನ 500 ಶೇ. 12ರಷ್ಟು ಹಿಗ್ಗಿದರೆ ಸಾಕು, 500ಡಿ ಶೇ. 16ರಷ್ಟು ಹಿಗ್ಗಬೇಕು. ಭೂಕಂಪದಲ್ಲಿ ಬೇಕಾಗುವುದು ಈ ಹಿಗ್ಗು. ಈ ಡಿ ದರ್ಜೆಗಳು ಮಾನದಂಡದೊಳಗೆ ಬಂದದ್ದೇ 2008ರಲ್ಲಿ.

ಡಿ ಇದ್ದಿದ್ದರೂ ನಾನು ಅಷ್ಟಕ್ಕೇ ಹೂಂ ಅನ್ನುತ್ತಿರಲಿಲ್ಲ. ಅಕ್ಷರ ರೋಲಿನದು, ದರ್ಜೆ ಉಕ್ಕಿನದು ಮತ್ತು ನೀರಿನದು. ಒಂದೇ ರೋಲಿನಲ್ಲಿ ಒಳ್ಳೆಯದೂ ಓಡುತ್ತದೆ, ಕೆಟ್ಟದ್ದೂ ಓಡುತ್ತದೆ. ಅದಕ್ಕೇ ಕಟ್ಟಿಗೆ ಕಟ್ಟಿದ ಬಿಲ್ಲೆಯ ಫೋಟೋ ಬೇಕು: ಅದರ ಮೇಲಿನ ಕಾಸ್ಟ್ ನಂಬರು ಗಿರಣಿಯ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಇರಬೇಕು. ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರದು ಅಂತ ತೋರಿಸುತ್ತದೆ. ಇಲ್ಲಿ ಬಿಲ್ಲೆಯೇ ಇರಲಿಲ್ಲ. "ಹಾದಿಯೊಳಗ ಬಿದ್ದಿರಬೇಕು" ಅಂದರಂತೆ ಅಂಗಡಿಯವರು.

ಫೋಟೋಕ್ಕೆ ಸಿಗದ್ದು ತೂಕ. ಒಂದು ಮೀಟರ್ ಸರಿಯಾಗಿ ಅಳೆದು ಕತ್ತರಿಸಿ, ಬಂಗಾರದಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬಾ ಅಂದೆ. 12 ಎಂಎಂ ಕಂಬಿ ಮೀಟರಿಗೆ 888 ಗ್ರಾಂ ಇರಬೇಕು, ಒಂದೇ ತುಂಡಾದರೆ ಶೇ. 6 ಕಡಿಮೆ ತನಕ ರಿಯಾಯಿತಿ, ಅಂದರೆ 835. ಬಂದದ್ದು 810! ಕಿಲೋ ಲೆಕ್ಕದಲ್ಲಿ ಕೊಂಡರೆ ದುಡ್ಡು ಹೋಗುವುದಿಲ್ಲ, ಆದರೆ ಇಂಜಿನಿಯರು ಎಣಿಸಿ ಹಾಕಿಸುವ ಪ್ರತಿ ಕಂಬಿಯೂ ಸಣ್ಣದೇ.

ಹುಡುಗ ಆ ಮಾಲು ಬಿಟ್ಟ. ಹುಬ್ಬಳ್ಳಿಯಿಂದ ತರಿಸಿದ ಕಟ್ಟಿನಲ್ಲಿ ಬಿಲ್ಲೆ ಇತ್ತು, ಡಿ ಇತ್ತು, ತುಂಡು 872 ಗ್ರಾಂ ತೂಗಿತು. ಕಿಲೋಗೆ ಎರಡೂವರೆ ರೂಪಾಯಿ ಜಾಸ್ತಿ ಬಿತ್ತು ಅಂತ ನಮ್ಮಣ್ಣ ಇನ್ನೂ ಗೊಣಗುತ್ತಿದ್ದಾನೆ.